'ಆಯ್ತು ಮೇಡಂ' ಅಂದವರನ್ನು ಫಾಲೋ ಅಪ್ ಮಾಡೋದು ಹೇಗೆ?

*ಮೈಸೂರಿನ ಒಂದು ಕಂಪನಿಯಲ್ಲಿ ಇಂಟರ್ನ್ ಆಗಿದ್ದೇನೆ. ಮುಂದಿನ ತಿಂಗಳು 120 ಜನರಿಗೆ ಒಂದು ದಿನದ ವರ್ಕ್‌ಶಾಪ್ ಇದೆ. ಸೌಂಡ್, ಊಟ, ಹಾಲ್‌ನವರನ್ನು ಫಾಲೋ ಅಪ್ ಮಾಡೋದು ನನ್ನ ಕೆಲಸ. ಯಾರಿಗೆ ಫೋನ್ ಮಾಡಿದರೂ 'ಆಯ್ತು ಮೇಡಂ, ಬರ್ತೀವಿ' ಅಂತಾರೆ. ನಂಬೋದಾ? ಚೆಕ್‌ಲಿಸ್ಟ್‌ನಲ್ಲಿ ಏನೇನು ಬರೆದುಕೊಳ್ಳಲಿ?*

ಅವರು ಸುಳ್ಳು ಹೇಳುತ್ತಿಲ್ಲ. ನೀವು ಕೇಳಿದ ಪ್ರಶ್ನೆ ಹಾಗಿದೆ, ಅಷ್ಟೇ. 'ನಾಳೆ ಬೆಳಿಗ್ಗೆ ಬರ್ತೀರಲ್ವಾ?' ಅಂದರೆ 'ಇಲ್ಲ' ಅನ್ನೋರು ಯಾರು?

ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಅಡ್ಮಿನ್ ವಿಭಾಗಕ್ಕೆ ಸೇರಿದ ಹೊಸದರಲ್ಲಿ ಇದೇ ಪ್ರಶ್ನೆ ಕೇಳಿ ಪೆಟ್ಟು ತಿಂದೆ. ಕಾರ್ಯಕ್ರಮ ಇದ್ದದ್ದು 9.30ಕ್ಕೆ. ಸೌಂಡ್‌ನವರು ಹಾಲ್ ಗೇಟಿಗೆ ಬಂದದ್ದು 9.10ಕ್ಕೆ. ಹಿಂದಿನ ರಾತ್ರಿ ಅವರಿಗೆ ನಂಜನಗೂಡಿನಲ್ಲಿ ಒಂದು ರಿಸೆಪ್ಷನ್ ಇತ್ತಂತೆ. ಸಾಮಾನು ಬಿಚ್ಚಿ ಹುಡುಗರು ಮಲಗಿದಾಗ ಎರಡು ಗಂಟೆ. ಅವರ ಲೆಕ್ಕದಲ್ಲಿ ಒಂಬತ್ತು ಅಂದರೆ ಬೆಳಿಗ್ಗೆಯೇ. ಬಂದ ಮೇಲೆ ಸೆಕ್ಯುರಿಟಿ ಗಾಡಿ ಒಳಗೆ ಬಿಡಲಿಲ್ಲ, ಯಾಕೆಂದರೆ ನಾನು ಗಾಡಿ ನಂಬರ್ ಕೊಟ್ಟಿರಲಿಲ್ಲ. ಒಳಗೆ ಬಂದರೆ ವೇದಿಕೆ ಹತ್ತಿರ ಇದ್ದದ್ದೆಲ್ಲ ಸಣ್ಣ ಪಿನ್ನಿನ ಸಾಕೆಟ್, ಅವರ ಬೋರ್ಡಿಗೆ ಬೇಕಿದ್ದದ್ದು 16 ಆಂಪಿಯರ್‌ನ ದಪ್ಪ ಪಿನ್ನಿನದು. ಹಾಲ್‌ನ ಎಲೆಕ್ಟ್ರಿಷಿಯನ್ ತಿಂಡಿಗೆ ಹೋಗಿದ್ದರು. ಮೈಕ್ ಮಾತಾಡಿದ್ದು 10.25ಕ್ಕೆ.

ಬೈಗುಳ ಪೂರ್ತಿ ಸೌಂಡ್‌ನವರಿಗೆ ಬಿತ್ತು. ಆದರೆ ನೋಡಿ, ಮೂರು ತಪ್ಪಿನಲ್ಲಿ ಅವರದು ಒಂದೇ. ಗೇಟು, ಸಾಕೆಟ್ಟು ಎರಡೂ ನನ್ನವು. ಆವತ್ತಿನಿಂದ ನನ್ನ ಚೆಕ್‌ಲಿಸ್ಟ್‌ನಲ್ಲಿ 'ಅವರು ಏನು ತರಬೇಕು' ಅನ್ನೋದರ ಪಕ್ಕದಲ್ಲೇ 'ನಮ್ಮಿಂದ ಅವರಿಗೆ ಏನು ಬೇಕು' ಅನ್ನೋ ಕಾಲಂ ಇದೆ. ಊಟದವರಿಗೆ ನೀರಿನ ನಲ್ಲಿ, ಪಾತ್ರೆ ತೊಳೆಯಲು ಜಾಗ, ಗಾಡಿ ಹಿಂಬಾಗಿಲವರೆಗೆ ಬರುವ ದಾರಿ. ಬ್ಯಾನರ್ ಕಟ್ಟುವವರಿಗೆ ಏಣಿ. ಇದನ್ನು ನೀವು ಊಹೆ ಮಾಡಬೇಡಿ, ಅವರನ್ನೇ ಕೇಳಿ. ಒಂದೇ ಫೋನಿನಲ್ಲಿ ಹೇಳಿಬಿಡುತ್ತಾರೆ.

ಇನ್ನೊಂದು ಬದಲಾವಣೆ ಸಮಯದ್ದು. 'ಎಷ್ಟು ಗಂಟೆಗೆ ಬರಬೇಕು' ಅಂತ ಬರೆಯಬೇಡಿ, 'ಎಷ್ಟು ಗಂಟೆಗೆ ಕೆಲಸ ಮುಗಿದಿರಬೇಕು' ಅಂತ ಬರೆದು ಹಿಂದಕ್ಕೆ ಲೆಕ್ಕ ಹಾಕಿ. 9.30ಕ್ಕೆ ಶುರು, 9ಕ್ಕೆ ಜನ ಒಳಗೆ ಬರುತ್ತಾರೆ. ಅಷ್ಟರೊಳಗೆ ಮೈಕ್ ಟೆಸ್ಟ್ ಆಗಿರಬೇಕು, ಅದಕ್ಕೆ ಅರ್ಧ ಗಂಟೆ. ವೈರ್ ಎಳೆದು ಸ್ಪೀಕರ್ ನಿಲ್ಲಿಸಲು ಒಂದು ಗಂಟೆ. ಅಂದರೆ ಗಾಡಿ 7.30ಕ್ಕೆ ಗೇಟಿನಲ್ಲಿರಬೇಕು. ಆ ಹೊತ್ತಿಗೆ ಹಾಲ್‌ನ ಬೀಗ ತೆಗೆಯೋದು ಯಾರು? ಅದೂ ಒಂದು ಸಾಲು.

ಈಗ ಫೋನ್ ವಿಷಯ. 'ಆಯ್ತು' ಅಂತ ಉತ್ತರ ಕೊಡಲು ಆಗದ ಪ್ರಶ್ನೆ ಕೇಳಬೇಕು. ಒಂದು ವಾರ ಮುಂಚೆ ಕೇಳಿ: 'ಅಣ್ಣಾ, ಹಿಂದಿನ ದಿನ ನಿಮಗೆ ಬೇರೆ ಎಲ್ಲಿ ಕೆಲಸ ಇದೆ?' ಲಗ್ನ ಜಾಸ್ತಿ ಇರೋ ದಿನವಾದರೆ ಒಂದೇ ಸೆಟ್ ಎರಡು ಕಡೆ ಓಡುತ್ತಿರುತ್ತದೆ, ಅಥವಾ ನಿಮ್ಮ ಆರ್ಡರನ್ನು ಅವರು ಇನ್ನೊಬ್ಬರಿಗೆ ದಾಟಿಸಿರುತ್ತಾರೆ. ದಿನ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಮುಹೂರ್ತ ನೋಡಿಯೇ ನಿಮ್ಮ ಮ್ಯಾನೇಜರ್ ಹತ್ತಿರ ಹೋಗಿ. ನಗಬಹುದು, ನಗಲಿ. ಆಷಾಢದಲ್ಲಿ ಮದುವೆ ಇರೋದಿಲ್ಲ, ಇದೇ ಜನ ಆರಾಮಾಗಿ ಸಿಗುತ್ತಾರೆ, ರೇಟಿನಲ್ಲೂ ಸ್ವಲ್ಪ ಬಗ್ಗುತ್ತಾರೆ. ದಸರಾ ಹತ್ತಿರ ಮಾತ್ರ ಮೈಸೂರಿನಲ್ಲಿ ಬೇಡವೇ ಬೇಡ.

ಎರಡು ದಿನ ಮುಂಚೆ ಕೇಳಬೇಕಾದದ್ದು: 'ಆವತ್ತು ಬರೋ ಹುಡುಗನ ಹೆಸರು, ನಂಬರ್ ಕೊಡಿ. ಗಾಡಿ ನಂಬರ್ ಗೇಟಿಗೆ ಕೊಡಬೇಕು.' ಓನರ್ ಸಾಮಾನ್ಯವಾಗಿ ಬರೋದಿಲ್ಲ, ಬೆಳಿಗ್ಗೆ ಅವರ ಫೋನ್ ಸ್ವಿಚ್ ಆಫ್ ಇರಬಹುದು. ಹೆಸರು ಹೇಳಲು ತಡವರಿಸಿದರೆ ಇನ್ನೂ ಹುಡುಗರನ್ನು ಗೊತ್ತು ಮಾಡಿಲ್ಲ ಅಂತ ತಿಳಿಯಿರಿ. ಆವತ್ತೇ ನಿಮ್ಮ ಸೀನಿಯರ್‌ಗೆ ಹೇಳಿ, ಇನ್ನೊಬ್ಬರ ನಂಬರ್ ಇಟ್ಟುಕೊಳ್ಳಿ. ಹಿಂದಿನ ಸಂಜೆ ಆ ಹುಡುಗನಿಗೇ ಫೋನ್ ಮಾಡಿ 'ಸಾಮಾನು ಈಗ ಎಲ್ಲಿದೆ?' ಅಂತ ಕೇಳಿ. ಮಾತಾಡಿದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಎರಡು ಸಾಲು ಹಾಕಿಬಿಡಿ:

'ಅಣ್ಣಾ, ಗುರುವಾರ ಬೆಳಿಗ್ಗೆ 7.30ಕ್ಕೆ ಗಾಡಿ ಗೇಟಿಗೆ, 9ಕ್ಕೆ ಮೈಕ್ ಟೆಸ್ಟ್ ಮುಗಿದಿರಬೇಕು. ಕಾರ್ಡ್‌ಲೆಸ್ ಮೈಕ್ 2, ಕಾಲರ್ ಮೈಕ್ 1, ಬದಲಿ ಬ್ಯಾಟರಿ ನಿಮ್ಮದೇ. ಸರಿ ಇದ್ರೆ ಓಕೆ ಹಾಕಿ.'

ಹಾಲ್‌ನಲ್ಲಿ ಜನರೇಟರ್ ಇದೆ ಅಂದರೆ ಅಲ್ಲಿಗೆ ಬಿಡಬೇಡಿ. ಕೆಲವು ಹಾಲ್‌ಗಳಲ್ಲಿ ಅದು ಲೈಟು ಫ್ಯಾನಿಗೆ ಮಾತ್ರ, ವೇದಿಕೆಯ ಸಾಕೆಟ್ಟಿಗೆ ಇರೋದಿಲ್ಲ. ಹಿಂದಿನ ದಿನ ಹೋಗಿ, ಮೇನ್ ಒಂದೈದು ನಿಮಿಷ ಆಫ್ ಮಾಡಿಸಿ, ಜನರೇಟರ್ ಹಾಕಿಸಿ, ಮೊಬೈಲ್ ಚಾರ್ಜರ್ ಹಿಡಿದು ಒಂದೊಂದು ಸಾಕೆಟ್ಟಿಗೂ ಚುಚ್ಚಿ ನೋಡಿ.

ಊಟದಲ್ಲಿ ರುಚಿಗಿಂತ ಲೆಕ್ಕದ್ದೇ ಜಗಳ. ನಮ್ಮ ಒಂದು ಕಾರ್ಯಕ್ರಮದಲ್ಲಿ ರಿಜಿಸ್ಟರ್‌ನಲ್ಲಿ 118 ಸಹಿ, ಊಟದವರ ಬಿಲ್ 146 ಪ್ಲೇಟಿಗೆ. ಮೋಸ ಅಂತ ನಾನು ಕೂಗಾಡಿದೆ. ಆಮೇಲೆ ಕೂತು ಎಣಿಸಿದರೆ ಡ್ರೈವರ್‌ಗಳು, ಸೌಂಡ್ ಹುಡುಗರು, ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರು, ಜೊತೆಗೆ ನಮ್ಮವರೇ ಎರಡನೇ ಪ್ಲೇಟ್ ತಗೊಂಡದ್ದು. ಕೊನೆಗೆ ಐದಾರು ಪ್ಲೇಟಿಗಷ್ಟೇ ಲೆಕ್ಕ ಸಿಗಲಿಲ್ಲ. ಹಾಗಾಗಿ ನಿಮ್ಮ 120ಕ್ಕೆ ಕೆಲಸದವರನ್ನು ಬೇರೆ ಎಣಿಸಿ ಸೇರಿಸಿ. ಎರಡು ದಿನ ಮುಂಚೆ ಗಟ್ಟಿ ಸಂಖ್ಯೆ ಕೊಡಿ. ಅದಕ್ಕಿಂತ ಕಡಿಮೆ ಜನ ಬಂದರೂ ಅಷ್ಟಕ್ಕೆ ದುಡ್ಡು ಕೊಡಬೇಕಾಗುತ್ತದೆ, ಅದು ನ್ಯಾಯವೇ, ಅಡುಗೆ ಆಗಿಹೋಗಿರುತ್ತದೆ. ಬಡಿಸಲು ಶುರು ಮಾಡುವ ಮುಂಚೆ ಅವರ ಮೇಸ್ತ್ರಿ ಜೊತೆ ನಿಂತು ಖಾಲಿ ಪ್ಲೇಟ್ ಎಣಿಸಿ, ಮುಗಿದ ಮೇಲೆ ಉಳಿದದ್ದನ್ನು ಎಣಿಸಿ, ಒಂದು ಚೀಟಿಯಲ್ಲಿ ಇಬ್ಬರೂ ಸಹಿ ಹಾಕಿ.

ದುಡ್ಡಿನ ಮಾತು ನೀವು ಆಡಬೇಡಿ, ಆದರೆ ಆಡಿಸಿ. ಸಣ್ಣ ವೆಂಡರ್‌ಗಳು ಬಾಕಿ ಹಣ ಅದೇ ಸಂಜೆ ಸಿಗುತ್ತದೆ ಅಂದುಕೊಂಡಿರುತ್ತಾರೆ. ಕಂಪನಿಗೋ ಬಿಲ್ ಬೇಕು, ಅದರಲ್ಲಿ ಕಂಪನಿ ಹೆಸರು, ಜಿಎಸ್‌ಟಿ ನಂಬರ್ ಸರಿಯಾಗಿರಬೇಕು, ಆಮೇಲೆ ಅಕೌಂಟ್ಸ್‌ನವರು ದಿನ ಎಣಿಸುತ್ತಾರೆ. ಈ ವಿಷಯ ಆರ್ಡರ್ ಕೊಡುವಾಗಲೇ ನಿಮ್ಮ ಸೀನಿಯರ್ ಬಾಯಿಂದ ಹೇಳಿಸಿ. ಇಲ್ಲದಿದ್ದರೆ ಸಂಜೆ ಆರಕ್ಕೆ ಪಾತ್ರೆ ಗಾಡಿಗೆ ಹಾಕಿಕೊಂಡು ನಿಮ್ಮ ಎದುರಿಗೇ ನಿಂತಿರುತ್ತಾರೆ. ಎಷ್ಟೇ ಕರುಳು ಚುರ್ ಅಂದರೂ ನಿಮ್ಮ ಫೋನ್‌ಪೇಯಿಂದ ಮಾತ್ರ ಕೊಡಬೇಡಿ. ಬಿಲ್ ಇಲ್ಲದೆ ಆ ದುಡ್ಡು ವಾಪಸ್ ಪಡೆಯೋದು ದೊಡ್ಡ ತಲೆನೋವು.

ಹಾಂ, ಇನ್ನೊಂದು. ಅತಿಥಿಗಳು ಹೊರಡುವ ಮುಂಚೆ ಕಾಲರ್ ಮೈಕ್ ಬಿಚ್ಚಿಸಿಕೊಳ್ಳಿ. ನಮ್ಮದು ಒಂದು ಸಲ ಭಾಷಣಕಾರರ ಕೋಟಿನ ಜೇಬಿನಲ್ಲೇ ಬೆಂಗಳೂರಿಗೆ ಹೋಗಿತ್ತು. ಸೌಂಡ್‌ನವರು ನನಗೆ ಫೋನ್ ಮಾಡಿದಾಗ ಅವರ ಕಾರು ಮದ್ದೂರು ದಾಟಿತ್ತು.