ಪ್ರೊಡಕ್ಷನ್ ಡೌನ್ ಆದ ಮೇಲಿನ ವರದಿಯಲ್ಲಿ ಮೂಲ ಕಾರಣ ಏನಂತ ಬರೆಯಬೇಕು?

ಯಾರೋ ತಪ್ಪು ಕಮಾಂಡ್ ಹೊಡೆದಿದ್ದೇ ಮೂಲ ಕಾರಣ ಅಲ್ವಾ?

ಅಲ್ಲ, ಅಲ್ಲಿಗೇ ನಿಲ್ಲಿಸಬೇಡಿ. ಕೋಡ್ ಇಡುವ ತಾಣ ಗಿಟ್‌ಲ್ಯಾಬ್ ಬರೆದ ವರದಿ ನೋಡಿ. 2017ರ ಜನವರಿ 31, ಯುಟಿಸಿ ರಾತ್ರಿ ಸುಮಾರು 11. ಅಲ್ಲಿನ ಒಬ್ಬ ಇಂಜಿನಿಯರ್ ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸ್‌ನ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ.

ಆದರೆ ಬ್ಯಾಕಪ್ ಯಾಕಿರಲಿಲ್ಲ? ಸರ್ವರ್‌ನ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯಲು ಓಡುತ್ತಿದ್ದ `pg_dump` ಮಾತ್ರ 9.2. ಹಾಗಾಗಿ ಬ್ಯಾಕಪ್ ಪ್ರತಿ ಸಲ ಫೇಲ್. ಎಚ್ಚರಿಕೆಯ ಮೇಲ್‌ಗಳೂ ತಲುಪಲಿಲ್ಲ, ಮೇಲ್ ಕಳಿಸಿದವರು ಅಸಲಿಯೇ ಅಂತ ನೋಡುವ ಡಿಮಾರ್ಕ್ ತಡೆದಿತ್ತು. ನನ್ನ ಪ್ರಕಾರ ವರದಿಯ ಜೀವಾಳ ಇದೇ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಉಳಿಸಿತು.

ಮುಂದಿನ ಕ್ರಮದಲ್ಲಿ ಸುಮ್ನೆ "ಎಚ್ಚರ ವಹಿಸುವುದು" ಅಂತ ಬರೆಯಬೇಡಿ. "ಬ್ಯಾಕಪ್ಪನ್ನು ದಿನಾ ರಿಸ್ಟೋರ್ ಮಾಡಿ ನೋಡುವುದು" ಅಂತ ಬರೆಯಿರಿ. ಪಕ್ಕದಲ್ಲಿ ಹೊಣೆ ಹೊತ್ತವರ ಹೆಸರು, ಗಡುವು ಇರಲಿ.