ತ್ರೈಮಾಸಿಕ ವರದಿಯ ಸಾರಾಂಶ: ಠರಾವು ಮೊದಲು, ವಿವರ ಆಮೇಲೆ

ಪ್ರಶ್ನೆ: ನಮ್ಮ ಸಹಕಾರಿ ಸಂಘದ ತ್ರೈಮಾಸಿಕ ವರದಿಗೆ ನಾನು ಬರೆಯುವ ಸಾರಾಂಶ ಎರಡು ಪುಟ ದಾಟುತ್ತೆ. ಅಷ್ಟು ಓದಿದ ಮೇಲೂ ಆಡಳಿತ ಮಂಡಳಿಯವರು ‘ಈಗ ನಾವೇನು ಮಾಡಬೇಕು?’ ಅಂತ ಕೇಳ್ತಾರೆ. ಎಲ್ಲಿ ಕತ್ತರಿಸಲಿ?

ಮೊದಲು ನಿಮ್ಮ ಕೊನೆಯ ಪ್ಯಾರಾ ಓದಿ. ಮಂಡಳಿಯಿಂದ ಬೇಕಾದದ್ದು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ, ಅದೂ ಅಂಜಿಕೊಂಡು. ಎಣ್ಣೆ ಗಾಣ ನಡೆಸುವ ಸಂಘವೊಂದರ ಉದಾಹರಣೆ ತೆಗೆದುಕೊಳ್ಳೋಣ: “ಮುಂದಿನ ದಿನಗಳಲ್ಲಿ ಪ್ಯಾಕಿಂಗ್ ಸಾಮರ್ಥ್ಯ ಹೆಚ್ಚಿಸುವ ಬಗ್ಗೆ ಪರಿಶೀಲಿಸಬಹುದಾಗಿದೆ.” ಯಾರು, ಏನು, ಎಷ್ಟು, ಯಾವಾಗ, ಒಂದೂ ಇಲ್ಲ. ಈ ವಾಕ್ಯವನ್ನು ಎತ್ತಿ ಮೇಲೆ ಕೂರಿಸಿದರೆ ಉಪಯೋಗವಿಲ್ಲ, ಹೊಸದಾಗಿ ಬರೆಯಬೇಕು. ನಡಾವಳಿ ಪುಸ್ತಕಕ್ಕೆ ಹೆಚ್ಚುಕಡಿಮೆ ಹಾಗೇ ಠರಾವಾಗಿ ಇಳಿಸುವಂತಿದ್ದರೆ ಸರಿಯಾಗಿದೆ ಎಂದರ್ಥ:

“ಪ್ಯಾಕಿಂಗ್ ಯಂತ್ರ ಕೊಳ್ಳಲು ₹12 ಲಕ್ಷಕ್ಕೆ ಮಂಡಳಿ ಈ ಸಭೆಯಲ್ಲೇ ಮಂಜೂರಾತಿ ನೀಡಬೇಕು. ಕೊಟೇಶನ್ ಜನವರಿ 31ರವರೆಗೆ ಮಾತ್ರ.”

ಎರಡು ವಾಕ್ಯ ಮಾಡಿದ್ದು ಬೇಕೆಂದೇ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಕಾರಣಗಳನ್ನೆಲ್ಲ ಅದೇ ವಾಕ್ಯಕ್ಕೆ ತುರುಕಿದರೆ ‘ಮಂಜೂರಾತಿ’ ಐದನೇ ಸಾಲಿಗೆ ಜಾರುತ್ತದೆ.

ಇದರ ಕೆಳಗೆ ಕಾರಣ: “ಅಕ್ಟೋಬರ್–ಡಿಸೆಂಬರ್‌ನಲ್ಲಿ ಹೊರಗೆ ಪ್ಯಾಕ್ ಮಾಡಿಸಲು ₹1.5 ಲಕ್ಷ ಕೊಟ್ಟಿದ್ದೇವೆ. ಇದೇ ಪ್ರಮಾಣ ಮುಂದುವರಿದರೆ ವರ್ಷಕ್ಕೆ ₹6 ಲಕ್ಷ. ಸ್ವಂತ ಯಂತ್ರದ ಕೂಲಿ, ಕರೆಂಟು, ರಿಪೇರಿ ಸೇರಿ ₹2 ಲಕ್ಷ. ಉಳಿತಾಯ ₹4 ಲಕ್ಷ, ಮೂರು ವರ್ಷದಲ್ಲಿ ಹಣ ವಾಪಸ್.” ಆ ₹2 ಲಕ್ಷ ಕಳೆಯದೆ ‘ಎರಡೇ ವರ್ಷ’ ಎಂದು ಬರೆದಿರೋ, ಲೆಕ್ಕ ಬಲ್ಲ ನಿರ್ದೇಶಕರು ಅಲ್ಲೇ ಹಿಡಿಯುತ್ತಾರೆ; ಸಭೆ ಪೂರ್ತಿ ಅದರಲ್ಲೇ ಕಳೆಯುತ್ತದೆ. ಸಾಲ ಮಾಡಿ ಕೊಳ್ಳುವುದಾದರೆ ಬಡ್ಡಿಯನ್ನೂ ಕಳೆಯಿರಿ.

ಈಗ ಕತ್ತರಿ. ಉಳಿದ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇದನ್ನು ತೆಗೆದರೆ ಮಂಡಳಿಯ ತೀರ್ಮಾನ ಬದಲಾಗಬಹುದೇ? ಇಲ್ಲವಾದರೆ ವರದಿಯ ಒಳಪುಟಕ್ಕೆ ಕಳಿಸಿ. ಸಂಘದ ಇತಿಹಾಸ, ತರಬೇತಿ ಶಿಬಿರ, ‘ಸರ್ವರ ಸಹಕಾರದಿಂದ’ ಎಲ್ಲ ಹೊರಡುತ್ತವೆ. ಹೆಚ್ಚಿನ ಸಾರಾಂಶಗಳು ಅರ್ಧ ಪುಟಕ್ಕೆ ಇಳಿಯುವುದು ಇಲ್ಲೇ.

ಆದರೆ ಈ ಭರದಲ್ಲಿ ಕೆಟ್ಟ ಸುದ್ದಿಯೂ ಹೋಗಿಬಿಡುತ್ತದೆ. ಮಾರಾಟ ಇಳಿದಿದ್ದರೆ ಅದು ಕಾರಣದ ಪಕ್ಕದಲ್ಲೇ ಇರಬೇಕು, ಏಕೆಂದರೆ ಮಾಲೇ ಹೋಗದಿದ್ದರೆ ಯಂತ್ರ ಸುಮ್ಮನೆ ನಿಲ್ಲುತ್ತದೆ, ಮೇಲಿನ ಮೂರು ವರ್ಷದ ಲೆಕ್ಕವೂ ನಿಲ್ಲುವುದಿಲ್ಲ.

ಎರಡು ತೀರ್ಮಾನ ಬೇಕಿದ್ದರೆ 1, 2 ಎಂದು ಬೇರೆ ಬೇರೆ ಬರೆಯಿರಿ. ಒಂದರಲ್ಲೇ ಬೆಸೆದರೆ, ಒಂದಕ್ಕೆ ಬಂದ ಆಕ್ಷೇಪಣೆ ಇನ್ನೊಂದನ್ನೂ ಮುಂದಿನ ಸಭೆಗೆ ತಳ್ಳುತ್ತದೆ. ಯಾವ ತೀರ್ಮಾನವೂ ಬೇಡದ ತ್ರೈಮಾಸಿಕವೂ ಇರುತ್ತದೆ. ಆಗ ಮೊದಲ ಸಾಲು “ಮಾಹಿತಿಗಾಗಿ ಮಾತ್ರ, ಮಂಜೂರಾತಿ ಬೇಕಾದ ವಿಷಯವಿಲ್ಲ” ಎಂದಿದ್ದರೆ ಸಾಕು.