ಒಂದು ಪಿರಿಯಡ್‌ನ ಪಾಠ, ಘಟಕ ಯೋಜನೆ, ವಾರ್ಷಿಕ ಯೋಜನೆ: ಮೂರನ್ನೂ ಜೋಡಿಸುವುದು ಹೇಗೆ?

*"ಹಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದಿದ್ದೇನೆ, 7ನೇ ತರಗತಿ ಗಣಿತ. ವಾರ್ಷಿಕ ಯೋಜನೆ ಬರೆದಿದ್ದೇನೆ, ಘಟಕ ಯೋಜನೆಯೂ ಇದೆ. ಆದರೆ ನಾಳೆ ಮಾಡುವ ಪಾಠಕ್ಕೂ ಅವಕ್ಕೂ ಸಂಬಂಧವೇ ಕಾಣ್ತಿಲ್ಲ. ಹೇಗೆ ಜೋಡಿಸೋದು?"*

ನಾನೂ ಇದೇ ತರಗತಿಗೆ ಗಣಿತ ಮಾಡುತ್ತೇನೆ. ಹಾಗಾಗಿ ನಮ್ಮದೇ ಪುಸ್ತಕದ ಒಂದು ಪಾಠ ಹಿಡಿದು ಹೇಳುತ್ತೇನೆ: ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಗುಣಿಸುವುದು.

ಸಾಮಾನ್ಯವಾಗಿ ನಾವು ಮೇಲಿನಿಂದ ಕೆಳಗೆ ಬರೆಯುತ್ತೇವೆ. ವರ್ಷವನ್ನು ತಿಂಗಳಿಗೆ, ತಿಂಗಳನ್ನು ಪಾಠಕ್ಕೆ, ಪಾಠವನ್ನು ಪಿರಿಯಡ್‌ಗೆ ಹಂಚಿಬಿಡುತ್ತೇವೆ. ಹಾಗೆ ಹಂಚಿದರೆ ಪುಟಗಳು ಹಂಚಿಕೆಯಾಗುತ್ತವೆ, ಅಷ್ಟೆ. ಕಲಿಕಾ ಫಲದ ಕಾಲಮ್ಮಿನಲ್ಲಿ ಒಂದೇ ವಾಕ್ಯ ಹದಿನೈದು ದಿನ ಕೂತಿರುತ್ತದೆ. ನಾನು ಮೊದಲು ಕೊನೆಯ ಪ್ರಶ್ನೆ ಬರೆಯುತ್ತೇನೆ. ಎನ್‌ಸಿಇಆರ್‌ಟಿ 2017ರಲ್ಲಿ ಹೊರತಂದ ಕಲಿಕಾ ಫಲಗಳ ಪಟ್ಟಿಯಲ್ಲಿ 7ನೇ ತರಗತಿಗೆ ಭಿನ್ನರಾಶಿಯ ಬಗ್ಗೆ ಎರಡು ಮಾತು ಬೇರೆಬೇರೆಯಾಗಿ ಇವೆ. ಒಂದು, ಗುಣಾಕಾರ-ಭಾಗಾಕಾರದ ಅರ್ಥ ಹೇಳುವುದು. ಇನ್ನೊಂದು, ಅದನ್ನು ವಿಧಾನ ಬಳಸಿ ಮಾಡುವುದು. ಎರಡನೆಯದನ್ನಷ್ಟೇ ಪರೀಕ್ಷಿಸಿದರೆ ಮೊದಲನೆಯದು ಸುಮ್ನೆ ಕಾಗದದ ಮೇಲೆ ಉಳಿಯುತ್ತದೆ. ಅದಕ್ಕೇ ಎಸ್‌ಎ-1ಕ್ಕೆ ಇಂಥ ಎರಡು ಪ್ರಶ್ನೆ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ: "4/5ರ 2/3 ಭಾಗವನ್ನು ಚಿತ್ರ ಬರೆದು ತೋರಿಸಿ", "1/2ರಲ್ಲಿ ಎಷ್ಟು 1/4 ಇವೆ?" ಇವಕ್ಕೆ ಮಗು ಉತ್ತರಿಸಬೇಕಾದರೆ ಯಾವ ಯಾವ ದಿನ ಏನೇನು ಆಗಿರಬೇಕು ಅಂತ ಹಿಂದಕ್ಕೆ ಬರುತ್ತೇನೆ.

ಭಿನ್ನರಾಶಿ ಮತ್ತು ದಶಮಾಂಶದ ಘಟಕಕ್ಕೆ ನಾನು 17 ಪಿರಿಯಡ್ ಇಡುತ್ತೇನೆ. ಕೂಡುವುದು-ಕಳೆಯುವುದನ್ನು ನೆನಪಿಸಲು 2, ಪೂರ್ಣಸಂಖ್ಯೆಯಿಂದ ಗುಣಿಸಲು 2, ಭಿನ್ನರಾಶಿಯಿಂದ ಭಿನ್ನರಾಶಿ ಗುಣಿಸಲು 2, ಲೆಕ್ಕದ ಕಥೆಗಳಿಗೆ 1, ಭಾಗಾಕಾರಕ್ಕೆ 3, ದಶಮಾಂಶದ ಗುಣಾಕಾರಕ್ಕೆ 3, ಭಾಗಾಕಾರಕ್ಕೆ 2. ಉಳಿದ 2 ಘಟಕ ಪರೀಕ್ಷೆಗೆ ಮತ್ತು ಅದರಲ್ಲಿ ಕಂಡ ತಪ್ಪು ತಿದ್ದಲು. ನಮ್ಮ ಪಾಠ ಇದರಲ್ಲಿ ಐದನೇ ಪಿರಿಯಡ್.

ಈ ಐದನೇ ಸಾಲಿನ ಮುಂದೆ ಮೂರೇ ವಿಷಯ ಬರೆಯುತ್ತೇನೆ: ಇದಕ್ಕೆ ಮೊದಲು ಏನು ಗೊತ್ತಿರಬೇಕು, ಇದು ಮುಂದೆ ಎಲ್ಲಿ ಬೇಕಾಗುತ್ತದೆ, ಕಲಿತಿದ್ದಾರೆ ಅಂತ ಎಲ್ಲಿ ಗೊತ್ತಾಗುತ್ತದೆ. ಮೊದಲು ಗೊತ್ತಿರಬೇಕಾದ್ದು, ಸಮಾನ ಭಿನ್ನರಾಶಿ ಮತ್ತು "ಒಂದು ವಸ್ತುವಿನ ಭಾಗ" ಅನ್ನುವ ತಿಳಿವಳಿಕೆ. ಅದು 6ನೇ ತರಗತಿಯದು. ಹಾಗಾಗಿ ಅದರ ಎರಡು ಪ್ರಶ್ನೆ ಜೂನ್‌ನ ಸೇತುಬಂಧ ಪರೀಕ್ಷೆಯಲ್ಲೇ ಇರಬೇಕು. ವಾರ್ಷಿಕ ಯೋಜನೆಯ ಮೊದಲ ಸಾಲಿಗೂ ಈ ಪಾಠಕ್ಕೂ ಗಂಟು ಬೀಳುವುದು ಇಲ್ಲೇ. ಮುಂದೆ ಬೇಕಾಗುವುದು, ಇದೇ ಘಟಕದಲ್ಲಿ 0.2 × 0.3 ಮಾಡುವಾಗ (ಅದು 2/10 × 3/10 ತಾನೇ), ಆಮೇಲೆ ದಸರಾ ರಜೆ ಕಳೆದು ಶೇಕಡಾ ಬಂದಾಗ. 80ರ 25% ಅಂದರೆ 80ರ 1/4. "ರ" ಅಂದರೆ ಗುಣಿಸು ಅಂತ ಈ ದಿನ ತಲೆಗೆ ಹೋಗದಿದ್ದರೆ ಆಗ ಸೂತ್ರ ಬಾಯಿಪಾಠ ಮಾಡಿಸಬೇಕಾಗುತ್ತದೆ.

ಇನ್ನು ಆ ದಿನದ ಪಾಠ. ಮೊದಲು ಕಾಗದ ಮಡಚಿ 1/3ರ 1/2 ತೋರಿಸುತ್ತೇನೆ. 2/3 × 4/5ಕ್ಕೆ ಮಡಚಲು ಹೋಗಬೇಡಿ. ಐದು ಸಮ ಭಾಗ ಮಡಚುವಷ್ಟರಲ್ಲಿ ಅರ್ಧ ಪಿರಿಯಡ್ ಹೋಗಿರುತ್ತದೆ. ಚೌಕುಳಿ ಪುಸ್ತಕದಲ್ಲಿ ಅಡ್ಡ 5, ಉದ್ದ 3 ಮನೆಯ ಆಯತ ಬರೆಸಿ. ನಾಲ್ಕು ಕಂಬಸಾಲಿಗೆ ಒಂದು ಬಣ್ಣ, ಎರಡು ಅಡ್ಡಸಾಲಿಗೆ ಇನ್ನೊಂದು ಬಣ್ಣ. 15ರಲ್ಲಿ ಎರಡೂ ಬಣ್ಣ ಬಿದ್ದ ಮನೆ 8. ಉತ್ತರ 8/15. ನಿಯಮವನ್ನು ನೀವು ಹೇಳಬೇಕಾಗಿಲ್ಲ, ಎರಡು ಮೂರು ಚಿತ್ರ ಆದ ಮೇಲೆ ಯಾರಾದರೂ ಹೇಳುತ್ತಾರೆ.

ಕೊನೆಯ ಐದು ನಿಮಿಷ ಒಂದು ಪ್ರಶ್ನೆ, ಚೀಟಿಯಲ್ಲಿ. ಈ ಪ್ರಶ್ನೆ ಆರಿಸುವುದರಲ್ಲೇ ಇಡೀ ಯೋಜನೆಯ ಜೀವ ಇದೆ ಅಂತ ನನ್ನ ಅಭಿಪ್ರಾಯ. 1/2 × 3/4 ಕೊಟ್ಟರೆ ಕಷ್ಟ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ ಮಗುವಿಗೂ 4/6 ಬರುತ್ತದೆ, ಓರೆ ಗುಣಾಕಾರ ಮಾಡಿದ ಮಗುವಿಗೂ 4/6 ಬರುತ್ತದೆ. ಯಾರಿಗೆ ಏನು ತಿದ್ದಬೇಕು ಅಂತ ಚೀಟಿ ನೋಡಿ ಹೇಳಲಾಗದು. 2/3 × 4/5 ಕೊಡಿ. ಕೂಡಿದವರಿಗೆ 6/8. ಓರೆ ಗುಣಿಸಿದವರಿಗೆ 10/12. ಕೂಡುವ ಲೆಕ್ಕದ ಅಭ್ಯಾಸದಲ್ಲಿ ಛೇದ ಸಮ ಮಾಡಿಕೊಂಡು 10/15, 12/15 ಬರೆದು, ಮೇಲಷ್ಟೇ ಗುಣಿಸಿ ಕೆಳಗೆ 15 ಹಾಗೇ ಬಿಟ್ಟವರಿಗೆ 120/15, ಅಂದರೆ 8! ಒಂದಕ್ಕಿಂತ ಚಿಕ್ಕ ಎರಡು ಸಂಖ್ಯೆ ಗುಣಿಸಿ 8 ಬಂತಲ್ಲ ಅಂತ ಆ ಮಗುವನ್ನು ಕೇಳಿದರೆ ಸಾಕು, ಅದೇ ಯೋಚನೆ ಮಾಡುತ್ತದೆ. ಚೀಟಿಗಳನ್ನು ಉತ್ತರದ ಪ್ರಕಾರ ಗುಡ್ಡೆ ಹಾಕಿ. ತಿದ್ದಿ ಅಂಕ ಹಾಕುವ ಕೆಲಸ ಇಲ್ಲ.

ಗುಡ್ಡೆಗಳು ನೋಡಿ ಆರನೇ ಪಿರಿಯಡ್ ನಿರ್ಧಾರ. ತಪ್ಪು ಮಾಡಿದವರು ನಾಲ್ಕೈದು ಜನ ಇದ್ದರೆ ಮುಂದೆ ಹೋಗುತ್ತೇನೆ, ಉಳಿದವರು ಅಭ್ಯಾಸ ಮಾಡುವಾಗ ಅವರ ಹತ್ತಿರ ಕೂರುತ್ತೇನೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ಅದೇ ಪಾಠ ಮತ್ತೆ. ಆಗ ಒಂದು ಪಿರಿಯಡ್ ಎಲ್ಲಿಂದ ತರೋದು? ನಾನು ದಶಮಾಂಶದ ಗುಣಾಕಾರದಿಂದ ತೆಗೆಯುತ್ತೇನೆ. ಯಾಕೆಂದರೆ ಮನೆಗಳ ಚಿತ್ರ ಗಟ್ಟಿಯಾದರೆ ಅದು ಬೇಗ ಆಗುತ್ತದೆ, ಮೂರರ ಬದಲು ಎರಡು ಸಾಕು. ಭಾಗಾಕಾರದ ಮೂರನ್ನು ಮುಟ್ಟುವುದಿಲ್ಲ. ಅಲ್ಲಿ ಅವಸರ ಮಾಡಿದರೆ "ತಿರುಗಿಸಿ ಗುಣಿಸು" ಅನ್ನುವ ಮಾತೊಂದೇ ಉಳಿಯುತ್ತದೆ, ಆಗ ಎಸ್‌ಎ-1ರ ಎರಡನೇ ಪ್ರಶ್ನೆ ಕೈಬಿಟ್ಟ ಹಾಗೇ. ಈ ಬದಲಾವಣೆಯನ್ನು ಘಟಕ ಯೋಜನೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ. ಹೊಸದಾಗಿ ನಕಲು ಮಾಡಬೇಡಿ, ಮುಂದಿನ ವರ್ಷ ಆ ಗುರುತೇ ನಿಮಗೆ ಬೇಕಾಗೋದು.

ವಾರ್ಷಿಕ ಯೋಜನೆಯಲ್ಲೂ ಇದಕ್ಕೆ ಜಾಗ ಇರಬೇಕು. ಕ್ಯಾಲೆಂಡರ್‌ನ ಎಲ್ಲಾ ದಿನ ತುಂಬಿಸಬೇಡಿ. ಮಳೆ ರಜೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ನಮ್ಮದೇ ತರಬೇತಿ, ಎಲ್ಲಾ ಮೊದಲ ಅರ್ಧದಲ್ಲೇ ಬರುತ್ತವೆ ಅಲ್ವಾ? ಹತ್ತು ಪಿರಿಯಡ್‌ಗೆ ಒಂದನ್ನು ಖಾಲಿ ಬಿಡಿ.

ಯೋಜನೆ ನಿಜವಾಗಿ ಜೋಡಿಸಿದೆಯಾ ಅಂತ ನೋಡಲು ಒಂದು ಪರೀಕ್ಷೆ ಇದೆ. ಯಾವುದಾದರೂ ಒಂದು ಪಿರಿಯಡ್ ಮೇಲೆ ಕೈ ಮುಚ್ಚಿ ಕೇಳಿಕೊಳ್ಳಿ: ಇದು ಆಗದೇ ಹೋದರೆ ಮುಂದಿನ ಯಾವ ಪಾಠ ನಿಲ್ಲುತ್ತದೆ? ಉತ್ತರ ಹೊಳೆಯದಿದ್ದರೆ ಆ ಪಾಠ ಪುಸ್ತಕದಲ್ಲಿದೆ ಅನ್ನುವುದಕ್ಕಷ್ಟೇ ನಿಮ್ಮ ಯೋಜನೆಗೆ ಬಂದಿದೆ. ಎಲ್ಲಾ ಪಾಠಕ್ಕೂ ಹೀಗೆ ಮಾಡಲು ಈ ವರ್ಷ ಆಗದು, ಮಾಡಲೂ ಬೇಡಿ. ಎಫ್‌ಎ-1ರ ಮೊದಲು ಒಂದು ಘಟಕ, ಎಸ್‌ಎ-1ರ ಮೊದಲು ಇನ್ನೊಂದು. ಉಳಿದವಕ್ಕೆ ಈಗಿರುವ ನಮೂನೆಯೇ ನಡೆಯಲಿ.